ನೆಪ್ಚೂನ್ ಶುಕ್ರನನ್ನು ಮುಟ್ಟಿದಾಗ: ಸಾಯನ ಜಾತಕದಲ್ಲಿ ಕನಸು, ಗೊಂದಲ, ಪಲಾಯನವನ್ನು ಓದುವ ಬಗೆ

ಪಾಶ್ಚಾತ್ಯ ಪದ್ಧತಿಯ ಜಾತಕ ಹಿಡಿದು ಬರುವವರು ನೆಪ್ಚೂನ್ ಬಗ್ಗೆ ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಶುಕ್ರನಿಗೆ ನೆಪ್ಚೂನ್ ಸ್ಕ್ವೇರ್ ಇದೆಯಂತೆ, ನಾನು ಮೋಸ ಹೋಗ್ತೀನಾ?" ಈ ಪ್ರಶ್ನೆಯಲ್ಲೇ ಒಂದು ತಪ್ಪು ಇದೆ. ಮೋಸ ಮಾಡುವ ಇನ್ನೊಬ್ಬರು ನಮ್ಮ ಜಾತಕದಲ್ಲಿ ಕೂತಿರುವುದಿಲ್ಲ. ಕಾಣದ ಜಾಗವನ್ನು ನಾವು ಏನಿಟ್ಟು ತುಂಬುತ್ತೇವೆ ಅನ್ನೋದನ್ನು ನೆಪ್ಚೂನ್ ಆಸ್ಪೆಕ್ಟ್, ಅಂದರೆ ನೆಪ್ಚೂನ್ ಇನ್ನೊಂದು ಗ್ರಹದ ಜೊತೆ ಮಾಡುವ ಕೋನ, ಹೇಳುತ್ತದೆ. ಓದಬೇಕಾದದ್ದು ಅದನ್ನು.

ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಈ ಐದನ್ನು ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ವೈಯಕ್ತಿಕ ಗ್ರಹಗಳು ಅನ್ನುತ್ತಾರೆ. ಇಲ್ಲಿ ಶುಕ್ರ–ನೆಪ್ಚೂನ್ ಸ್ಕ್ವೇರ್, ಅಂದರೆ ಅವೆರಡರ ನಡುವಿನ 90 ಡಿಗ್ರಿ ಕೋನ, ಅದೊಂದನ್ನೇ ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ. ಇದನ್ನು ಓದಲು ಬಂದರೆ ಉಳಿದ ನಾಲ್ಕಕ್ಕೂ ದಾರಿ ಅದೇ. ಉದಾಹರಣೆಗೆ ಮೂಡಿಗೆರೆ ಕಡೆಯ ಒಬ್ಬ ಹೆಣ್ಣುಮಗಳ ಜಾತಕ ತೆಗೆದುಕೊಂಡಿದ್ದೇನೆ. ಗುರುತು ಸಿಗಬಾರದೆಂದು ಮನೆ, ಕೆಲಸದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಹೆಜ್ಜೆ: ಸರಿಯಾದ ಜಾತಕ

ನಮ್ಮ ಪಂಚಾಂಗದ ಜಾತಕ ನಿರಯಣ, ರಾಶಿಗಳನ್ನು ನಕ್ಷತ್ರಗಳಿಂದ ಎಣಿಸುವುದು. ಪಾಶ್ಚಾತ್ಯ ಜಾತಕ ಸಾಯನ, ಮಾರ್ಚ್ ವಿಷುವದ ಬಿಂದುವಿನಿಂದ ಎಣಿಸುವುದು. ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಯನಾಂಶದ ಅಂತರ ಇದೆ. ನಮ್ಮ ಕಡೆಯ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಲಾಹಿರಿ ಅಯನಾಂಶವೇ ಇಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ Tropical ಅಂತ ಇರುವುದನ್ನು ಆರಿಸಿ. ಟೈಮ್ ಝೋನ್ +5:30 ಇದೆಯಾ ಅಂತಲೂ ನೋಡಿ. ಆಮೇಲೆ ತ್ರಿಶೂಲದ ಹಾಗಿರುವ ♆ ಗುರುತು ಹುಡುಕಿ, ಅದೇ ನೆಪ್ಚೂನ್. 1846ರಲ್ಲಿ ಬರ್ಲಿನ್ ವೀಕ್ಷಣಾಲಯದಿಂದ ಕಂಡುಹಿಡಿದ ಗ್ರಹ ಇದು. ಹಾಗಾಗಿ ನಮ್ಮ ನವಗ್ರಹಗಳಲ್ಲಿ ಇಲ್ಲ. ಊರ ಜೋಯಿಸರು ಬರೆದುಕೊಟ್ಟ ಕುಂಡಲಿಯಲ್ಲೂ ಇರುವುದಿಲ್ಲ.

ಹುಟ್ಟಿದ ಸಮಯ ಎಷ್ಟು ಖಚಿತವಾಗಿರಬೇಕು? ಶುಕ್ರನ ಆಸ್ಪೆಕ್ಟ್‌ಗೆ ಅರ್ಧ ಗಂಟೆ ಆಚೀಚೆ ಆದರೂ ಏನೂ ಆಗುವುದಿಲ್ಲ. ಚಂದ್ರ ಮಾತ್ರ ಗಂಟೆಗೆ ಸುಮಾರು ಅರ್ಧ ಡಿಗ್ರಿ ಓಡುತ್ತಾನೆ, ಅಲ್ಲಿ ಜಾಗ್ರತೆ ಬೇಕು. ಲಗ್ನ ಹೆಚ್ಚು ಕಡಿಮೆ ಎರಡು ಗಂಟೆಗೊಂದು ರಾಶಿ ದಾಟುತ್ತದೆ. ಆದ್ದರಿಂದ ಯಾವ ಮನೆ ಅನ್ನೋದು ಬೇಕಿದ್ದರೆ ಸಮಯ ಬೇಕೇ ಬೇಕು.

ನಮ್ಮ ಉದಾಹರಣೆ: 1993ರ ಮಾರ್ಚ್ 11, ಚಿಕ್ಕಮಗಳೂರು, ಸಂಜೆ 6:30. "ದೀಪ ಹಚ್ಚೋ ಹೊತ್ತಿಗೆ ಹುಟ್ಟಿದ್ದು" ಅಂತ ಮನೆಯವರು ಹೇಳಿದ್ದರು, ಆಸ್ಪತ್ರೆ ಚೀಟಿಯಲ್ಲೂ ಹಾಗೇ ಇತ್ತು. ಆ ದಿನ ಅಲ್ಲಿ ಸೂರ್ಯ ಮುಳುಗುವುದೂ ಸುಮಾರು ಅದೇ ಹೊತ್ತಿಗೆ. ಸೂರ್ಯ ಸಾಯನ ಮೀನದ 20 ಡಿಗ್ರಿ ದಾಟಿದ್ದಾನೆ. ಮುಳುಗುವ ಹೊತ್ತಾದ್ದರಿಂದ ಲಗ್ನ ಅದರ ಎದುರು, ಕನ್ಯಾ 20ರ ಹತ್ತಿರ. ಹೀಗೆ ತಾಳೆ ನೋಡಿದರೆ ಸಮಯ ಸರಿ ಇದೆ ಅನ್ನೋ ಧೈರ್ಯ ಬರುತ್ತದೆ.

ಎರಡನೇ ಹೆಜ್ಜೆ: ಕೋನ ಅಳೆಯುವುದು

ನಮ್ಮ ದೃಷ್ಟಿ ರಾಶಿಯಿಂದ ರಾಶಿಗೆ ಎಣಿಸುವುದು. ಪಾಶ್ಚಾತ್ಯ ಆಸ್ಪೆಕ್ಟ್ ಡಿಗ್ರಿಯಿಂದ ಡಿಗ್ರಿಗೆ ಅಳೆಯುವುದು. ಮುಖ್ಯ ಕೋನಗಳು ಐದೇ: 0 ಡಿಗ್ರಿ ಕಂಜಂಕ್ಷನ್, 60 ಸೆಕ್ಸ್‌ಟೈಲ್, 90 ಸ್ಕ್ವೇರ್, 120 ಟ್ರೈನ್, 180 ಆಪೊಸಿಷನ್.

ಪ್ರತಿ ಗ್ರಹವೂ ಮೇಷದ ಶುರುವಿನಿಂದ ಎಷ್ಟು ಡಿಗ್ರಿಯಲ್ಲಿದೆ ಅಂತ ಬರೆದುಕೊಳ್ಳಿ. ಈ ಜಾತಕದಲ್ಲಿ ಶುಕ್ರ ಮೇಷದ 20ರಲ್ಲಿದ್ದಾನೆ, ಅಂದರೆ 20. ನೆಪ್ಚೂನ್ ಮಕರದ 20.7ರ ಹತ್ತಿರ ಇದೆ. ಮಕರಕ್ಕೆ ಮುಂಚೆ ಒಂಬತ್ತು ರಾಶಿ ಮುಗಿದಿವೆ, ಅದು 270. ಅದಕ್ಕೆ 20.7 ಸೇರಿಸಿದರೆ 290.7. ವ್ಯತ್ಯಾಸ 270.7. ಅದು 180ಕ್ಕಿಂತ ಜಾಸ್ತಿ ಇರುವುದರಿಂದ 360ರಿಂದ ಕಳೆಯಿರಿ, 89.3 ಬರುತ್ತದೆ. ಪೂರ್ತಿ ಸ್ಕ್ವೇರ್‌ಗೆ ಕೊರತೆ ಒಂದು ಡಿಗ್ರಿಗಿಂತಲೂ ಕಡಿಮೆ.

ಈ ಕೊರತೆ ಎಷ್ಟರವರೆಗೆ ಇರಬಹುದು ಅನ್ನೋದನ್ನು ಆರ್ಬ್ ಅನ್ನುತ್ತಾರೆ. ಸೂರ್ಯ, ಚಂದ್ರರಿಗೆ ಆರೇಳು ಡಿಗ್ರಿ, ಉಳಿದವಕ್ಕೆ ನಾಲ್ಕೈದು, ಸೆಕ್ಸ್‌ಟೈಲ್‌ಗೆ ಮೂರು ಅಂತ ನಾನು ಇಟ್ಟುಕೊಂಡಿದ್ದೇನೆ. ಕೆಲವರು ಹತ್ತರ ತನಕ ಹೋಗುತ್ತಾರೆ. ನೆಪ್ಚೂನ್ ವಿಷಯದಲ್ಲಿ ಅದು ಬೇಡ. ಇದರ ಲಕ್ಷಣಗಳೇ ಮಸುಕು ಮಸುಕು. ಆರ್ಬನ್ನೂ ಸಡಿಲ ಬಿಟ್ಟರೆ ಊರಲ್ಲಿ ಎಲ್ಲರಿಗೂ ಹೊಂದುವ ಹಾಗೆ ಮಾತಾಡಿಬಿಡಬಹುದು.

ಒಂದು ಸೊಗಸಾದ ವಿಷಯ ಗಮನಿಸಿ. ಅಯನಾಂಶ ಎರಡೂ ಗ್ರಹಗಳನ್ನು ಒಂದೇ ಅಳತೆಯಲ್ಲಿ ಹಿಂದೆ ಸರಿಸುತ್ತದೆ. ಆದ್ದರಿಂದ ಸಾಯನವಾಗಲಿ ನಿರಯಣವಾಗಲಿ ಈ 89.3 ಬದಲಾಗುವುದಿಲ್ಲ. ಬದಲಾಗುವುದು ರಾಶಿ. ಇದೇ ಶುಕ್ರ ನಿರಯಣದಲ್ಲಿ ಮೀನದ 26 ಡಿಗ್ರಿಗೆ ಬರುತ್ತಾನೆ. ಪರಮೋಚ್ಚ 27ರಲ್ಲಿ, ಅದರ ಪಕ್ಕದಲ್ಲೇ. "ಉಚ್ಚ ಶುಕ್ರ, ಮದುವೆ ವಿಷಯದಲ್ಲಿ ಚಿಂತೆಯೇ ಬೇಡ" ಅಂತ ಇವರಿಗೆ ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದರು. ಪಾಶ್ಚಾತ್ಯ ಲೆಕ್ಕದಲ್ಲಿ ಮೇಷದ ಶುಕ್ರ ದುರ್ಬಲ. ಎರಡು ಪದ್ಧತಿಯ ಫಲಗಳನ್ನು ಒಂದೇ ವಾಕ್ಯದಲ್ಲಿ ಕಲಸಬೇಡಿ. ಒಂದು ಹೊತ್ತಿಗೆ ಒಂದು ಪದ್ಧತಿ ಸಾಕು.

ಮೂರನೇ ಹೆಜ್ಜೆ: ಇದು ನಿಮ್ಮದಾ, ನಿಮ್ಮ ಓರಗೆಯವರದಾ?

ನೆಪ್ಚೂನ್ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 165 ವರ್ಷ ಬೇಕು. ಒಂದು ರಾಶಿಯಲ್ಲಿ ಹೆಚ್ಚು ಕಡಿಮೆ ಹದಿನಾಲ್ಕು ವರ್ಷ ಇರುತ್ತದೆ. 1984ರ ಕೊನೆಯಿಂದ 1998ರ ತನಕ ಹುಟ್ಟಿದ ಎಲ್ಲರಿಗೂ ಅದು ಮಕರದಲ್ಲೇ. ಆದ್ದರಿಂದ "ಮಕರದ ನೆಪ್ಚೂನ್" ಒಬ್ಬರ ಗುಣ ಅಲ್ಲ. ವೈಯಕ್ತಿಕ ಗ್ರಹವೊಂದು ಅದಕ್ಕೆ ಹತ್ತಿರದ ಕೋನದಲ್ಲಿ ಬಂದಾಗ ಮಾತ್ರ ಅದು ನಿಮ್ಮದಾಗುತ್ತದೆ.

1993ರವರಿಗೆ ಇನ್ನೊಂದು ತೊಡಕಿದೆ. ಆ ವರ್ಷ ಯುರೇನಸ್ ಮತ್ತು ನೆಪ್ಚೂನ್ ಮೂರು ಸಲ ಕೂಡಿದವು. ಫೆಬ್ರವರಿ, ಆಗಸ್ಟ್, ಅಕ್ಟೋಬರ್, ಎಲ್ಲವೂ ಮಕರದ 18–19ರಲ್ಲಿ. ಈ ಜಾತಕದಲ್ಲಿ ಯುರೇನಸ್ ಮಕರದ 21 ದಾಟಿದೆ, ಅಂದರೆ ಅದೂ ಶುಕ್ರನಿಗೆ ಸ್ಕ್ವೇರ್. ಇಬ್ಬರನ್ನೂ ಬೇರೆ ಮಾಡುವುದು ಹೇಗೆ? ಸಂಬಂಧ ದಿಢೀರ್ ಅಂತ ಶುರುವಾಗುವುದು, ದಿಢೀರ್ ಅಂತ ಕಡಿದುಹೋಗುವುದು ಯುರೇನಸ್. ಶುರುವಾಗಿದೆಯೋ ಇಲ್ಲವೋ, ಮುಗಿದಿದೆಯೋ ಇಲ್ಲವೋ ಅಂತಲೇ ಗೊತ್ತಾಗದೆ ವರ್ಷಗಟ್ಟಲೆ ಎಳೆಯುವುದು ನೆಪ್ಚೂನ್.

ನಾಲ್ಕನೇ ಹೆಜ್ಜೆ: ಶುಕ್ರ ಎಂಥವನು, ಯಾವ ಮನೆ

ಅವಸರದ ಓದುಗರು ನೆಪ್ಚೂನ್ ಕಡೆಗೇ ನೋಡುತ್ತಾ ಕೂರುತ್ತಾರೆ. ಮೊದಲು ನೋಡಬೇಕಾದವನು ಶುಕ್ರ. ಇವರ ಶುಕ್ರ ಹುಟ್ಟಿದ ದಿನವೇ ವಕ್ರಿಯಾಗಲು ನಿಂತಿದ್ದಾನೆ. ನೆಪ್ಚೂನ್ ಕೋನದ ಹತ್ತಿರ ಬಂದು, ಅದನ್ನು ಪೂರ್ತಿ ಮಾಡದೆ ಹಿಂದಕ್ಕೆ ತಿರುಗಿದ್ದಾನೆ. ಇಷ್ಟ ಆದದ್ದನ್ನು ಕೇಳಿ ಪಡೆಯುವ ಬದಲು ಒಳಗೇ ಇಟ್ಟುಕೊಂಡು ತಿರುಗಿ ತಿರುಗಿ ನೋಡುವ ಶುಕ್ರ ಅಂತ ನಾನು ಓದುತ್ತೇನೆ.

ಮನೆಗಳನ್ನು ಒಂದು ರಾಶಿಗೆ ಒಂದು ಮನೆ ಅಂತ ಇಟ್ಟರೆ ನಮಗೆ ರೂಢಿಯಾದ ಭಾವದ ಹಾಗೇ ಸುಲಭ. ಕನ್ಯಾ ಲಗ್ನದಿಂದ ಶುಕ್ರ ಎಂಟರಲ್ಲಿ: ಸಾಲ, ಹಂಚಿಕೊಂಡ ಹಣ, ಇನ್ನೊಬ್ಬರ ಕೈಗೆ ಕೊಟ್ಟದ್ದು. ಅವನೇ ಎರಡನೇ ಮನೆ ತುಲಾದ ಅಧಿಪತಿ, ಅಂದರೆ ಸ್ವಂತ ದುಡ್ಡು, ಒಡವೆ. ನೆಪ್ಚೂನ್ ಐದರಲ್ಲಿ: ಪ್ರೇಮ, ಕಲೆ. ಸೂರ್ಯ ಏಳರಲ್ಲಿ, ಮೀನದಲ್ಲಿ. ಆಧುನಿಕ ಪಾಶ್ಚಾತ್ಯ ಪದ್ಧತಿ ಮೀನವನ್ನು ನೆಪ್ಚೂನ್‌ಗೆ ಕೊಟ್ಟಿದೆ. ಆ ಸೂರ್ಯನಿಗೆ ನೆಪ್ಚೂನ್ ಸೆಕ್ಸ್‌ಟೈಲ್ ಬೇರೆ.

ಇಷ್ಟನ್ನು ಕೂಡಿಸಿ ಒಂದು ವಾಕ್ಯ ಬರೆಯಿರಿ. ನಾನು ಬರೆದದ್ದು ಇದು: "ಪ್ರೀತಿಯಲ್ಲಿ ಕಂಡ ಕನಸಿಗೆ ಸ್ವಂತ ಒಡವೆ, ಹಣ ಸೇರಿಕೊಳ್ಳಬಹುದು. ಅದೇ ಕನಸು ಕಾಣುವ ಶಕ್ತಿ ಕಲೆಯಲ್ಲಿ ಒಳ್ಳೆಯ ದಾರಿ ಹಿಡಿಯಬಹುದು." ಜಾತಕ ಇಷ್ಟು ಹೇಳಬಲ್ಲದು. ಯಾರು, ಯಾವ ಊರು, ಎಷ್ಟು ರೂಪಾಯಿ ಅನ್ನೋದನ್ನು ಹೇಳುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಐದನೇ ಹೆಜ್ಜೆ: ಮೂರು ಹಂತ, ಅದೇ ಕ್ರಮದಲ್ಲಿ

ಆದರ್ಶ, ಗೊಂದಲ, ಪಲಾಯನ ಅಂತ ನೆಪ್ಚೂನ್‌ಗೆ ಮೂರು ಪದ ಅಂಟಿಸಿ ಬಿಟ್ಟುಬಿಡುತ್ತಾರೆ. ನಾನು ಕಂಡ ಹಾಗೆ ಅವು ಮೂರು ಬೇರೆ ಫಲಗಳಲ್ಲ. ಒಂದರ ಹಿಂದೆ ಒಂದು ಬರುವ ಹಂತಗಳು. ಜಾತಕದವರು ಈಗ ಯಾವ ಹಂತದಲ್ಲಿದ್ದಾರೆ ಅಂತ ಗುರುತಿಸುವುದೇ ಈ ಓದಿನ ತಿರುಳು.

ಇವರು ಹಾಸನದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. 2016ರ ಡಿಸೆಂಬರ್‌ನಲ್ಲಿ ಒಂದು ಮದುವೆ ಮನೆಯಲ್ಲಿ ಒಬ್ಬ ಹುಡುಗನ ಪರಿಚಯವಾಯಿತು. ಕಳಸದ ಕಡೆ ಅವರ ಮನೆಯವರ ಕಾಫಿ ತೋಟ. ಒಮ್ಮೆ ತೋಟದ ಮೇಲಿನ ಗುಡ್ಡ ತೋರಿಸಿ, "ಒಂದಲ್ಲ ಒಂದು ದಿನ ಇಲ್ಲಿ ಹೋಮ್‌ಸ್ಟೇ ಮಾಡ್ಬೇಕು" ಅಂದರಂತೆ. ಅವರು ಹೇಳಿದ್ದು ಅಷ್ಟೇ. ಆ ವಾರಾಂತ್ಯ ಇವರು ಸ್ಕೆಚ್ ಪುಸ್ತಕ ತೆಗೆದು ಜಲವರ್ಣದಲ್ಲಿ ಆ ಹೋಮ್‌ಸ್ಟೇ ಬರೆದರು. ಮಂಗಳೂರು ಹೆಂಚಿನ ಮೂರು ಮನೆ, ಜಗಲಿ, ಜಗಲಿಯ ಮೇಲೆ ಒಂದು ತೊಟ್ಟಿಲು. ಆ ಪುಟವನ್ನು ನನಗೂ ತೋರಿಸಿದ್ದರು. ಚೆನ್ನಾಗಿತ್ತು. ಇದು ಆದರ್ಶದ ಹಂತ. ಗುರುತು ಹಿಡಿಯುವುದು ಹೀಗೆ: ಎದುರಿನವರು ಆಡಿದ ಮಾತು ಎಷ್ಟು, ನಾವು ಸೇರಿಸಿಕೊಂಡದ್ದು ಎಷ್ಟು ಅಂತ ಎರಡು ಸಾಲು ಮಾಡಿ ಬರೆಸಿ. ಎರಡನೇ ಸಾಲು ಉದ್ದವಾಗುತ್ತಾ ಹೋದರೆ ನೆಪ್ಚೂನ್ ಕೆಲಸ ಮಾಡುತ್ತಿದೆ.

ಎರಡನೇ ಹಂತದಲ್ಲಿ ಚಿತ್ರಕ್ಕೂ ಎದುರಿಗಿರುವುದಕ್ಕೂ ಹೊಂದಾಣಿಕೆ ತಪ್ಪುತ್ತದೆ. ಆದರೆ ತಪ್ಪಿದೆ ಅಂತ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಇವರು ಅಮ್ಮ ಕೊಟ್ಟ ಎರಡೆಳೆ ಸರ, ಬಳೆಗಳನ್ನು ಗಿರವಿ ಇಟ್ಟು ಗುಡ್ಡಕ್ಕೆ ರಸ್ತೆ ಮಾಡಿಸಲು ಹಣ ಕೊಟ್ಟರು. ಜಾಗ ಯಾರ ಹೆಸರಲ್ಲಿದೆ ಅಂತ ಕೇಳಲಿಲ್ಲ. ಪಹಣಿ ನೋಡಲು ಎಷ್ಟು ಹೊತ್ತು ಬೇಕು? ಫೋನಿನಲ್ಲೇ ಸಿಗುತ್ತದೆ. "ಕೇಳಿದ್ರೆ ನಂಬಿಕೆ ಇಲ್ಲ ಅಂದ್ಕೊತಾರೆ ಅಕ್ಕ" ಅಂದರು. ಶುಕ್ರ–ನೆಪ್ಚೂನ್ ಸ್ಕ್ವೇರ್‌ನ ಖಚಿತ ಗುರುತು ಇದೇ. ಪ್ರಶ್ನೆ ಕೇಳುವುದೇ ಪ್ರೀತಿಗೆ ಅವಮಾನ ಅನ್ನಿಸುವುದು.

ಚಾರ್ಮಾಡಿಯಲ್ಲಿ ಮಂಜು ಬಿದ್ದಾಗ ಗಾಡಿ ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಣುತ್ತಿಲ್ಲ ಅಂತ ಹೈ ಬೀಮ್ ಹಾಕಿದರೆ ನಮ್ಮ ಬೆಳಕೇ ಮಂಜಿಗೆ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ, ರಸ್ತೆ ಇನ್ನೂ ಮರೆಯಾಗುತ್ತದೆ. ಗೊಂದಲದ ಹಂತದಲ್ಲಿ ಇನ್ನಷ್ಟು ನಂಬಿಕೆ, ಇನ್ನಷ್ಟು ತ್ಯಾಗ ಸುರಿಯುವುದು ಹಾಗೆ. ಬೀಮ್ ತಗ್ಗಿಸಬೇಕು. ಅಂದರೆ ಹತ್ತಿರದ, ಸಣ್ಣ, ಕಣ್ಣಿಗೆ ಕಾಣುವ ಒಂದು ಸಂಗತಿಯನ್ನು ಮಾತ್ರ ನೋಡಬೇಕು. ಪಹಣಿ ಅಂಥ ಒಂದು ಸಂಗತಿ.

ಮೂರನೆಯದು ಪಲಾಯನ. ಹೆಚ್ಚಿನವರು ಪಲಾಯನ ಅಂದರೆ ಕುಡಿತ ಅಂತಲೇ ಅಂದುಕೊಳ್ಳುತ್ತಾರೆ. ಶುಕ್ರನ ವಿಷಯದಲ್ಲಿ ಅದು ಇನ್ನೂ ಮೆತ್ತಗೆ ಬರುತ್ತದೆ. ಸಾಲದವರ ಫೋನ್ ತೆಗೆಯದಿರುವುದು, ಬಂದ ಲಕೋಟೆ ಒಡೆಯದೆ ದೇವರ ಮನೆಯ ಡ್ರಾಯರ್‌ನಲ್ಲಿ ಇಡುವುದು, ರಜೆ ದಿನ ಮಧ್ಯಾಹ್ನದ ತನಕ ಮಲಗುವುದು, ಹಳೇ ಮೆಸೇಜ್‌ಗಳನ್ನು ಸುಮ್ನೆ ಓದುತ್ತಾ ಕೂರುವುದು. ಇವರಲ್ಲಿ ಇವೆಲ್ಲವೂ ಇದ್ದವು. ಯಾರಿಗಾದರೂ ಕುಡಿತವೋ ಮಾತ್ರೆಯೋ ಕೈಮೀರಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಜಾತಕ ಬದಿಗಿಡಿ. ಅದು ವೈದ್ಯರ ಕೆಲಸ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಆರನೇ ಹೆಜ್ಜೆ: ಗೋಚಾರದ ಜೊತೆ ತಾಳೆ

ಈಗ ತಾರೀಖುಗಳನ್ನು ಎದುರಿಗೆ ಇಟ್ಟುಕೊಂಡು ನಿಧಾನ ಗ್ರಹಗಳ ಸಂಚಾರ ನೋಡಿ. ಈ ಜಾತಕದಲ್ಲಿ ಕಾದು ನೋಡಬೇಕಾದ ಡಿಗ್ರಿ 20. ಮೇಷ, ಮಕರ, ಮೀನ ಮೂರರಲ್ಲೂ ಅದೇ.

2016ರ ಡಿಸೆಂಬರ್ ಕೊನೆಯಲ್ಲಿ ಯುರೇನಸ್ ಮೇಷದ 20ರಲ್ಲಿ ವಕ್ರ ಬಿಟ್ಟು ನಿಂತಿತ್ತು, ಹುಟ್ಟಿನ ಶುಕ್ರನ ಮೇಲೇ. ದಿಢೀರ್ ಪರಿಚಯ ಆದದ್ದು ಆಗ. 2019ರ ಏಪ್ರಿಲ್–ಮೇನಲ್ಲಿ ಶನಿ ಮಕರದ 20ರಲ್ಲಿ ವಕ್ರಿಯಾಗಲು ನಿಂತ. ಶುಕ್ರನಿಗೆ ಸ್ಕ್ವೇರ್, ನೆಪ್ಚೂನ್ ಮೇಲೆ ಒಂದು ಡಿಗ್ರಿಯೊಳಗೆ. ಗಿರವಿ ಸಾಲ ನವೀಕರಿಸಿ, ಇಲ್ಲವೇ ಒಡವೆ ಹರಾಜಾಗುತ್ತದೆ ಅಂತ ನೋಟಿಸ್ ಬಂದದ್ದು ಆ ಏಪ್ರಿಲ್‌ನಲ್ಲಿ. ಆಗ ಪಹಣಿ ತೆಗೆಸಿದರು. ಜಾಗ ಆ ಹುಡುಗನ ದೊಡ್ಡಪ್ಪ ಮತ್ತು ಇನ್ನಿಬ್ಬರ ಜಂಟಿ ಹೆಸರಿನಲ್ಲಿತ್ತು. ಶನಿ ನೆಪ್ಚೂನನ್ನು ಮುಟ್ಟಿದರೆ ಎಲ್ಲರೂ ಹೆದರುತ್ತಾರೆ. ನನಗೆ ಅದು ಈ ಜಾತಕದ ಅತ್ಯಂತ ಒಳ್ಳೆಯ ಗೋಚಾರ ಅನ್ನಿಸುತ್ತದೆ. ಕಾಗದದಲ್ಲಿ ಇರುವುದನ್ನು ಇರುವ ಹಾಗೆ ತೋರಿಸಿದ್ದು ಶನಿ.

ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ನೆಪ್ಚೂನ್ ಮೀನದ 20ಕ್ಕೆ ಬಂದು, ಜೂನ್‌ನಲ್ಲಿ 21ರ ಅಂಚಿನಲ್ಲಿ ವಕ್ರಿಯಾಗಿ, 2021ರ ಶುರುವಿನಲ್ಲಿ ಮತ್ತೆ ಅದೇ ಡಿಗ್ರಿ ದಾಟಿತು. ಇವರ ಸೂರ್ಯನ ಮೇಲೆ, ಏಳನೇ ಮನೆಯಲ್ಲಿ. ಲಾಕ್‌ಡೌನ್‌ನಿಂದ ಮುಖ ನೋಡುವಂತಿರಲಿಲ್ಲ, ಬರೀ ಫೋನ್. ಪಹಣಿ ನೋಡಿದ್ದೂ ಮರೆತ ಹಾಗಾಗಿ ಹಳೇ ಚಿತ್ರ ಮತ್ತೆ ಬಣ್ಣ ಹಿಡಿಯಿತು. ಲಕೋಟೆ ಒಡೆಯದೆ ಇಟ್ಟದ್ದು ಈ ಅವಧಿಯಲ್ಲೇ. ನೆಪ್ಚೂನ್ ಗೋಚಾರ ಹೀಗೆ ಮುಂದೆ, ಹಿಂದೆ, ಮತ್ತೆ ಮುಂದೆ ಅಂತ ಒಂದೇ ಜಾಗ ಉಜ್ಜುತ್ತದೆ. ವರ್ಷಕ್ಕೆ ಸುಮಾರು ಐದು ತಿಂಗಳು ಅದು ವಕ್ರಿಯಾಗಿರುತ್ತದೆ. ಕೊನೆಯ ಸಲ ದಾಟುವ ತನಕ ಆಸ್ತಿ, ಸಾಲ, ಜಾಮೀನಿನ ಕಾಗದಕ್ಕೆ ಒಬ್ಬರೇ ಕೂತು ಸಹಿ ಹಾಕಬೇಡಿ ಅಂತ ನಾನು ಹೇಳುವುದು ಅದಕ್ಕೇ. ಜೊತೆಗೊಬ್ಬರು ಓದಲಿ.

2021ರ ಬೇಸಿಗೆಯಲ್ಲಿ ಇವರು ತಮ್ಮನನ್ನು ಕರೆದುಕೊಂಡು ಹೋಗಿ ಲೆಕ್ಕ ಕೇಳಿದರು. ಆ ಹುಡುಗ ಸ್ವಲ್ಪ ಹಣ ವಾಪಸ್ ಕೊಟ್ಟ, ಉಳಿದದ್ದನ್ನು ಸಂಬಳದಲ್ಲಿ ತೀರಿಸಿ ಒಡವೆ ಬಿಡಿಸಿಕೊಂಡರು. "ಅವರು ಸುಳ್ಳು ಹೇಳಿರಲಿಲ್ಲ ಅಕ್ಕ. ನಾನು ಕೇಳಿರಲಿಲ್ಲ" ಅಂದದ್ದು ಆಗ. ಈಗ ಹೋಮ್‌ಸ್ಟೇ, ರೆಸಾರ್ಟ್‌ಗಳ ಗೋಡೆಗೆ ಚಿತ್ರ ಬರೆದುಕೊಡುತ್ತಾರೆ. ಮುಂಗಡ, ಅಳತೆ, ಮುಗಿಸುವ ತಾರೀಖು ಎಲ್ಲವೂ ಬರಹದಲ್ಲಿ. ಸೂರ್ಯ–ನೆಪ್ಚೂನ್ ಸೆಕ್ಸ್‌ಟೈಲ್ ದುಡಿಯುವುದು ಹೀಗೆ. ಸ್ಕ್ವೇರ್ ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ.

ಉಳಿದ ಗ್ರಹಗಳಿಗೆ ಬಂದರೆ

ಹಂತಗಳು ಅವೇ, ವಿಷಯ ಬೇರೆ. ಚಂದ್ರನಿಗೆ ನೆಪ್ಚೂನ್ ತಾಗಿದ್ದರೆ ಮನೆಯಲ್ಲಿ ಎಲ್ಲರ ದುಃಖವೂ ತನ್ನದೇ ಅನ್ನಿಸುತ್ತದೆ. "ಇದು ನನ್ನ ಬೇಜಾರಾ, ಅಮ್ಮನದಾ?" ಅಂತ ಕೇಳಿಸಿ. ಬುಧನಿಗಾದರೆ ಮಾತು ಕೊಟ್ಟದ್ದು, ಕೇಳಿಸಿಕೊಂಡದ್ದು ಎರಡೂ ಮಸುಕು, ಆದರೆ ಕಥೆ, ಕವಿತೆಗೆ ಒಳ್ಳೆಯದು. ಕುಜನಿಗಾದರೆ ಸಿಟ್ಟು ನೇರ ಬರದೆ ಸೋರಿಹೋಗುತ್ತದೆ, ಶುರು ಮಾಡಿದ್ದು ಅರ್ಧಕ್ಕೇ ನಿಲ್ಲುತ್ತದೆ. ಸೂರ್ಯನಿಗಾದರೆ ತಾನು ಯಾರು ಅನ್ನೋದನ್ನೇ ಇನ್ನೊಬ್ಬರ ಕಣ್ಣಿಂದ ತುಂಬಿಕೊಳ್ಳುತ್ತಾರೆ.

ಟ್ರೈನ್ ಇದ್ದರೆ ಸುಖ ಅಂತ ಬರೆದುಬಿಡಬೇಡಿ. ಸ್ಕ್ವೇರ್‌ನಲ್ಲಿ ಪೆಟ್ಟು ಬೀಳುವುದರಿಂದ ಎಚ್ಚರವಾದರೂ ಆಗುತ್ತದೆ. ಟ್ರೈನ್‌ನಲ್ಲಿ ಹಾಯಾಗಿ ಜಾರಿಹೋಗುವುದೇ ಜಾಸ್ತಿ. ಇನ್ನು ಪರಿಹಾರ ಕೇಳುವವರಿಗೆ: ನೆಪ್ಚೂನ್‌ಗೆ ನಮ್ಮ ಶಾಸ್ತ್ರದಲ್ಲಿ ಜಪ, ರತ್ನ ಹೇಳಿಲ್ಲ. ನೆಪ್ಚೂನ್ ದೋಷ ಅಂತ ಉಂಗುರ ಮಾರುವವರಿಗೆ ದುಡ್ಡು ಕೊಡಬೇಡಿ.

ನಿಮ್ಮದನ್ನು ನೋಡಿಕೊಳ್ಳಲು ಒಂದು ಅಂದಾಜು: ಸಾಯನದಲ್ಲಿ ನೆಪ್ಚೂನ್ 1985ರಲ್ಲಿ ಮಕರದ 1ರಿಂದ 3, 1988ರಲ್ಲಿ 7ರಿಂದ 10, 1993ರಲ್ಲಿ 18ರಿಂದ 21ರ ಆಸುಪಾಸು. ನಿಮ್ಮ ಶುಕ್ರ ಮೇಷ ಅಥವಾ ತುಲಾದಲ್ಲಿ ಅದೇ ಡಿಗ್ರಿಯ ಹತ್ತಿರ ಇದ್ದರೆ ಸ್ಕ್ವೇರ್ ಇದೆ. ಗೋಚಾರದ ನೆಪ್ಚೂನ್ 2025ರ ಮಾರ್ಚ್ ಕೊನೆಯಲ್ಲಿ ಮೇಷಕ್ಕೆ ಬಂತು, ಅಕ್ಟೋಬರ್‌ನಲ್ಲಿ ಮೀನಕ್ಕೆ ಹಿಂದಿರುಗಿ, 2026ರ ಜನವರಿ ಕೊನೆಯಲ್ಲಿ ಮತ್ತೆ ಮೇಷ ಸೇರಿತು. ಮೇಷ, ಕಟಕ, ತುಲಾ, ಮಕರದ ಮೊದಲ ಎರಡು ಮೂರು ಡಿಗ್ರಿಯಲ್ಲಿ ವೈಯಕ್ತಿಕ ಗ್ರಹ ಇರುವವರು ಈ ವರ್ಷಗಳ ಕಾಗದಪತ್ರಗಳನ್ನು ಇನ್ನೊಬ್ಬರಿಗೆ ಓದಿಸಿಯೇ ಸಹಿ ಹಾಕಿ. 1993ರ ನಮ್ಮ ಹೆಣ್ಣುಮಗಳ ಶುಕ್ರನ ಮೇಲೆ ನೆಪ್ಚೂನ್ ಬರುವುದು 2033ರಿಂದ 2035ರ ನಡುವೆ. ಆ ವರ್ಷಗಳನ್ನು ಅವರು ಈಗಲೇ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ, ಪಕ್ಕದಲ್ಲಿ "ಪಹಣಿ" ಅಂತ.